ಸಹಿ ಯಾರದು, ಕೈ ಯಾರದು

ವಿಮೆ ಮಾಡಿಸಿದ ಹಸು ಸತ್ತಾಗ ವಿಮಾ ಕಂಪನಿಯವರು ಮೊದಲು ಕೇಳುವುದು ಕಿವಿಯೋಲೆಯನ್ನು. ಓಲೆಯ ಮೇಲಿನ ಸಂಖ್ಯೆ ಪಾಲಿಸಿಯಲ್ಲಿರುವ ಸಂಖ್ಯೆಗೆ ತಾಳೆಯಾಗಬೇಕು. ಆಮೇಲೆ ಕೇಳುವುದು ಮರಣೋತ್ತರ ಪರೀಕ್ಷೆಯ ವರದಿ. ಆ ವರದಿಯ ಕೊನೆಯಲ್ಲಿ ಒಂದು ಸಹಿ ಇರುತ್ತದೆ, ಸಹಿಯ ಕೆಳಗೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಸಹಿ ಹಾಕಿದವರು ನೋಂದಾಯಿತ ಪಶುವೈದ್ಯರಲ್ಲದಿದ್ದರೆ ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಅದೇ ಮನುಷ್ಯ ಹತ್ತು ವರ್ಷದಿಂದ ಆ ಕೊಟ್ಟಿಗೆಗೆ ಬಂದು ಹೋಗುತ್ತಿರಬಹುದು, ಊರವರೆಲ್ಲ ಅವನನ್ನು ಡಾಕ್ಟರೇ ಎಂದು ಕರೆಯುತ್ತಿರಬಹುದು. ಪರಿಹಾರ ಮಾತ್ರ ನಿಂತುಹೋಗುತ್ತದೆ.

ಹಾಗಾಗಿ ಡೇರಿ ಫಾರ್ಮ್ ಇಟ್ಟವರು, ಕೋಳಿ ಫಾರ್ಮ್ ನಡೆಸುವವರು, ನಗರದಲ್ಲಿ ನಾಯಿ ಬೆಕ್ಕುಗಳ ಕ್ಲಿನಿಕ್ ತೆರೆದವರು ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿಕೊಳ್ಳಬೇಕು. ಇಲ್ಲಿ ಯಾರ ಸಹಿ ಬೇಕು? ಇಲ್ಲಿ ಯಾರ ಕೈ ಬೇಕು? ಇವೆರಡನ್ನೂ ಒಂದೇ ಎಂದುಕೊಂಡು ಆಳು ಹುಡುಕಿದಾಗಲೇ ಹೆಚ್ಚಿನ ತಪ್ಪುಗಳು ಆಗುವುದು.

ಪದವಿ ಬೇರೆ, ನೋಂದಣಿ ಬೇರೆ

ಸಹಿಯ ಹಕ್ಕು ಎಲ್ಲಿಂದ ಬರುತ್ತದೆ ಎಂಬುದನ್ನು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಹೇಳುತ್ತದೆ. ಅದರ 30ನೇ ಕಲಮು ನಾಲ್ಕು ಕೆಲಸಗಳನ್ನು ನೋಂದಾಯಿತ ಪಶುವೈದ್ಯರಿಗೆ ಮಾತ್ರ ಮೀಸಲಿಟ್ಟಿದೆ. ಸರ್ಕಾರದಲ್ಲಿ ಅಥವಾ ಸ್ಥಳೀಯ ಸಂಸ್ಥೆಗಳಲ್ಲಿ ಪಶುವೈದ್ಯರ ಹುದ್ದೆ ಹಿಡಿಯುವುದು ಒಂದು, ಪಶುವೈದ್ಯ ವೃತ್ತಿ ಮಾಡುವುದು ಇನ್ನೊಂದು. ಕಾನೂನು ಕೇಳುವ ಆರೋಗ್ಯ ಪ್ರಮಾಣಪತ್ರಗಳಿಗೆ ಸಹಿ ಹಾಕುವುದು ಮೂರನೆಯದು. ಪಶುವೈದ್ಯಕೀಯ ವಿಷಯದಲ್ಲಿ ನ್ಯಾಯಾಲಯದ ಮುಂದೆ ತಜ್ಞರಾಗಿ ಸಾಕ್ಷ್ಯ ಹೇಳುವುದು ನಾಲ್ಕನೆಯದು.

ಪಶುವೈದ್ಯ ಪದವಿ, ಅಂದರೆ ಬಿ.ವಿ.ಎಸ್ಸಿ. ಅಂಡ್ ಎ.ಎಚ್., ಈಗ ಐದೂವರೆ ವರ್ಷದ ಓದು. ಅದರಲ್ಲಿ ಕೊನೆಯ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ನಮ್ಮಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದ ಕಡೆ ಈ ಕಾಲೇಜುಗಳಿವೆ. ಇಂಟರ್ನ್‌ಶಿಪ್ಪಿನ ಅವಧಿಗೆ ವಿದ್ಯಾರ್ಥಿಗೆ ಸಿಗುವುದು ತಾತ್ಕಾಲಿಕ ನೋಂದಣಿ. ಅದು ಹಿರಿಯರ ಕೈಕೆಳಗೆ ಕಲಿಯುವುದಕ್ಕೆ ಮಾತ್ರ. ಇಂಟರ್ನ್‌ಶಿಪ್ ಮುಗಿದ ಮೇಲೆ ಪದವಿ ಪತ್ರ, ಇಂಟರ್ನ್‌ಶಿಪ್ ಮುಗಿಸಿದ ಪತ್ರಗಳನ್ನು ಹಿಡಿದು ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ಅರ್ಜಿ ಹಾಕಿಕೊಂಡಾಗಲೇ ಅವರ ಹೆಸರು ರಾಜ್ಯದ ವಹಿಯಲ್ಲಿ ಏರುವುದು. ಆ ವಹಿಯಲ್ಲಿ ಸಿಗುವ ಸಂಖ್ಯೆಯನ್ನೇ ಪಶುವೈದ್ಯರು ‘ಕೆವಿಸಿ ನಂಬರ್’ ಎನ್ನುವುದು.

ಇಲ್ಲೇ ಮೊದಲ ಎಡವಟ್ಟು ಆಗುವುದು. ಫಲಿತಾಂಶ ಬಂದಿದೆ, ಪದವಿ ಪತ್ರವೂ ಕೈಯಲ್ಲಿದೆ, ಹುಡುಗಿ ಜಾಣೆ. ಫಾರ್ಮಿನವರು ಸಂತೋಷದಿಂದ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ನೋಂದಣಿ ಇನ್ನೂ ಆಗಿಲ್ಲ ಎಂಬುದು ತಿಳಿಯುವುದು ಹಸುಗಳನ್ನು ಲಾರಿಯಲ್ಲಿ ಸಾಗಿಸಲು ಪ್ರಮಾಣಪತ್ರ ಬೇಕಾದಾಗ. 1978ರ ಪ್ರಾಣಿ ಸಾಗಾಣಿಕೆ ನಿಯಮಗಳ ಪ್ರಕಾರ ದನಗಳು ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿವೆ ಎಂದು ಅರ್ಹ ಪಶುವೈದ್ಯರು ಬರೆದುಕೊಡಬೇಕು. ಅವಳ ಓದಿನಲ್ಲಿ ಕೊರತೆ ಏನೂ ಇಲ್ಲ. ಆದರೆ ಆ ದಿನ ಅವಳ ಸಹಿ ನಡೆಯುವುದಿಲ್ಲ.

ಎರಡನೆಯ ಎಡವಟ್ಟು ಹಳೆಯ ಕೈಗಳಲ್ಲಿ. ನೋಂದಣಿ ಒಮ್ಮೆ ಮಾಡಿಸಿದರೆ ಜೀವಮಾನವಿಡೀ ನಡೆಯುವುದಿಲ್ಲ. ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಬೇಕು. ಕಟ್ಟದಿದ್ದರೆ ಹೆಸರು ವಹಿಯಿಂದ ಹೋಗಬಹುದು, ಕಟ್ಟಿದರೆ ಮತ್ತೆ ಸೇರುತ್ತದೆ. ಇಪ್ಪತ್ತು ವರ್ಷ ಅನುಭವವಿದ್ದವರು ನವೀಕರಣ ಮರೆತಿರುವುದು ಅಪರೂಪವಲ್ಲ. ಪತ್ರದ ಮೇಲಿನ ಸಂಖ್ಯೆ ಸರಿಯಿದೆಯೇ ಎಂದು ನೋಡಿದರೆ ಸಾಲದು, ಅವಧಿ ಯಾವಾಗ ಮುಗಿಯುತ್ತದೆ ಎಂದೂ ನೋಡಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದವರು ಇಲ್ಲಿಗೆ ಬಂದು ನೆಲೆಸಿದ್ದರೆ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಂಡಿದ್ದಾರೆಯೇ ಎಂದೂ ಕೇಳಬೇಕು.

‘ಮೇಲ್ವಿಚಾರಣೆಯಲ್ಲಿ’ ಎಂಬ ಒಂದು ಮಾತು

ಈಗ ಕೈಯ ವಿಷಯ. ಹಳ್ಳಿಗಳಲ್ಲಿ ‘ಕಾಂಪೌಂಡರ್’ ಎಂದು ಕರೆಸಿಕೊಳ್ಳುವವರು, ಇಲಾಖೆಯ ಪಶುವೈದ್ಯಕೀಯ ಸಹಾಯಕರು, ಡಿಪ್ಲೊಮಾ ಮುಗಿಸಿದ ಹುಡುಗರು ಇಲ್ಲದೆ ಜಾನುವಾರುಗಳ ಆರೈಕೆ ನಡೆಯುವುದೇ ಇಲ್ಲ. ಕಾಯ್ದೆಗೂ ಇದು ಗೊತ್ತು. ಅದೇ 30ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಯಾವುದೇ ರಾಜ್ಯದ ಪಶುಸಂಗೋಪನಾ ಇಲಾಖೆ ಅಥವಾ ದೇಶದ ಯಾವುದೇ ಪಶುವೈದ್ಯ ಸಂಸ್ಥೆ ಕೊಟ್ಟ ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇದ್ದವರಿಗೆ ಸಣ್ಣಪುಟ್ಟ ಪಶುವೈದ್ಯ ಸೇವೆ ಮಾಡಲು ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಡಬಹುದು. ಷರತ್ತು ಒಂದೇ: ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಆ ಕೆಲಸ ನಡೆಯಬೇಕು.

ಸಣ್ಣಪುಟ್ಟ ಸೇವೆ ಎಂದರೆ ಏನು? ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಔಷಧಿ ಹಚ್ಚಿ ಕಟ್ಟುವುದು. ಇವುಗಳ ಜೊತೆಗೆ ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಹೆಸರಿಸಿದ ಇನ್ನಷ್ಟು ಪ್ರಥಮ ಚಿಕಿತ್ಸೆಗಳು. ಅಷ್ಟೇ.

ಈ ಮಾತನ್ನು ನಿಧಾನವಾಗಿ ಓದಿದರೆ ಫಾರ್ಮಿನವರಿಗೆ ಬೇಕಾದ ಪಾಠ ಸಿಗುತ್ತದೆ. ಡಿಪ್ಲೊಮಾ ಇದ್ದ ಮಾತ್ರಕ್ಕೆ ಒಬ್ಬ ವ್ಯಕ್ತಿ ಒಂಟಿಯಾಗಿ ನಿಂತು ಚಿಕಿತ್ಸೆ ಮಾಡಲು ಅರ್ಹನಾಗುವುದಿಲ್ಲ. ಅವನ ಹಿಂದೆ ಒಬ್ಬ ನೋಂದಾಯಿತ ಪಶುವೈದ್ಯರು ಇರಲೇಬೇಕು. ಹಾಗಾಗಿ ಡಿಪ್ಲೊಮಾದವರನ್ನು ಸಂಬಳಕ್ಕಿಟ್ಟ ಫಾರ್ಮು ಯಾವುದಾದರೊಬ್ಬ ಪಶುವೈದ್ಯರೊಂದಿಗೆ ಬರವಣಿಗೆಯ ಒಪ್ಪಂದ ಮಾಡಿಕೊಳ್ಳದಿದ್ದರೆ ಅದು ಅರ್ಧ ನೇಮಕಾತಿಯೇ ಸರಿ.

ಈ ಗೆರೆಯನ್ನು ಎಳೆದಿರುವುದು ಏಕೆ ಎಂಬುದಕ್ಕೆ ಡೇರಿಯವರೆಲ್ಲ ಕಂಡಿರುವ ಒಂದು ಉದಾಹರಣೆ ಸಾಕು. ಚೆನ್ನಾಗಿ ಹಾಲು ಕೊಡುವ ಹಸು ಕರು ಹಾಕಿದ ಎರಡನೆಯ ದಿನ ಬಿದ್ದುಕೊಳ್ಳುತ್ತದೆ, ಏಳುವುದಿಲ್ಲ. ಕಿವಿ ತಣ್ಣಗಿವೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿದೆ. ನೋಡಿದವರೆಲ್ಲ ಹಾಲು ಜ್ವರ ಎನ್ನುತ್ತಾರೆ. ಹೆಸರಿನಲ್ಲಿ ಜ್ವರ ಇದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. 450 ಮಿಲಿಲೀಟರಿನ ಕ್ಯಾಲ್ಸಿಯಂ ಬಾಟಲಿಯನ್ನು ನರಕ್ಕೆ ಕೊಟ್ಟರೆ ಹಸು ಕಣ್ಣೆದುರಿಗೇ ಎದ್ದು ನಿಲ್ಲುತ್ತದೆ. ಇದನ್ನು ನಾಲ್ಕು ಸಲ ನೋಡಿದ ಯಾರಿಗಾದರೂ ನಾನೂ ಮಾಡಬಲ್ಲೆ ಎನಿಸುತ್ತದೆ.

ಆದರೆ ಅದೇ ಬಾಟಲಿ ಬೇಗ ಹರಿದರೆ ಹೃದಯ ನಿಲ್ಲುತ್ತದೆ. ಹೃದಯದ ಬಡಿತ ಕೇಳಿಸಿಕೊಳ್ಳುತ್ತ, ಲಯ ತಪ್ಪಿದರೆ ತಕ್ಷಣ ನಿಲ್ಲಿಸುತ್ತ, ಹತ್ತರಿಂದ ಇಪ್ಪತ್ತು ನಿಮಿಷದಷ್ಟು ನಿಧಾನವಾಗಿ ಕೊಡಬೇಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕರು ಹಾಕಿದ ಹೊಸದರಲ್ಲೇ ಕೆಚ್ಚಲು ಬಾವು ವಿಷವೇರಿದರೂ ಹಸು ಹೀಗೇ ಬೀಳುತ್ತದೆ, ಕಿವಿ ಹೀಗೇ ತಣ್ಣಗಾಗುತ್ತದೆ. ಕೆಚ್ಚಲನ್ನು ಮುಟ್ಟಿ ನೋಡಿ, ಒಂದೊಂದು ಮೊಲೆಯಿಂದಲೂ ಹಾಲು ಕರೆದು, ಅದು ನೀರಾಗಿದೆಯೇ, ರಕ್ತದ ಬಣ್ಣವಿದೆಯೇ ಎಂದು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ವಿಷವೇರಿ ಹೃದಯ ಸೋತ ಹಸುವಿನ ನರಕ್ಕೆ ಕ್ಯಾಲ್ಸಿಯಂ ಹರಿಸಿದರೆ ಸೂಜಿ ತೆಗೆಯುವ ಮೊದಲೇ ಅದು ಸಾಯಬಹುದು. ಸೂಜಿ ಚುಚ್ಚುವ ಕೈಗೆ ಡಿಪ್ಲೊಮಾ ಕಲಿಸಿರುತ್ತದೆ. ಇದು ಹಾಲು ಜ್ವರವೋ ಅಲ್ಲವೋ ಎಂದು ನಿರ್ಧರಿಸುವ ಹೊಣೆಯನ್ನು ಕಾನೂನು ಇನ್ನೊಬ್ಬರ ಮೇಲಿಟ್ಟಿದೆ.

ಯಾವ ಕಾಗದ ಯಾವ ಕೆಲಸಕ್ಕೆ

ಕೆಲಸ ಕೇಳಿಕೊಂಡು ಬರುವವರ ಕೈಯಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಕಾಣುವ ಕಾಗದಗಳು ಮೂರು ಬಗೆಯವು.

ಮೊದಲನೆಯದು ಪಶುಸಂಗೋಪನೆಯ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಓದು. ತಿಪಟೂರು ಬಳಿಯ ಕೋನೇಹಳ್ಳಿಯಂಥ ಕಡೆಗಳಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ್ದೇ ಪಾಲಿಟೆಕ್ನಿಕ್‌ಗಳಿವೆ. ಪ್ರಾಣಿಗಳನ್ನು ಹಿಡಿದು ನಿಲ್ಲಿಸುವುದರಿಂದ ಹಿಡಿದು ಮೇವು, ಹಾಲು, ಲಸಿಕೆ, ಪ್ರಥಮ ಚಿಕಿತ್ಸೆಯವರೆಗೆ ಎಲ್ಲವನ್ನೂ ಇಲ್ಲಿ ಮುಟ್ಟಿ ಕಲಿಯುತ್ತಾರೆ. ಫಾರ್ಮ್ ಮೇಲ್ವಿಚಾರಕನ ಕೆಲಸಕ್ಕೂ ಪ್ರಾಣಿ ಕ್ಲಿನಿಕ್ಕಿನ ಸಹಾಯಕನ ಕೆಲಸಕ್ಕೂ ಹೆಚ್ಚು ಒಪ್ಪಿಗೆಯಾಗುವ ಕಾಗದ ಇದು.

ಎರಡನೆಯದು ಕೃತಕ ಗರ್ಭಧಾರಣೆಯ ತರಬೇತಿ. ರಾಷ್ಟ್ರೀಯ ಗೋಕುಲ ಮಿಷನ್ನಿನ ‘ಮೈತ್ರಿ’ ಕಾರ್ಯಕರ್ತರಿಗೆ ಮೂರು ತಿಂಗಳ ತರಬೇತಿ ಇದೆ. ಒಂದು ತಿಂಗಳು ತರಗತಿ, ಎರಡು ತಿಂಗಳು ಊರುಗಳಲ್ಲಿ ಕೆಲಸ. ಹಾಲು ಒಕ್ಕೂಟಗಳೂ ತಮ್ಮ ಕಾರ್ಯಕರ್ತರನ್ನು ತಯಾರು ಮಾಡುತ್ತವೆ. ಈ ಕಾಗದ ಹೇಳುವುದು ಒಂದೇ ಕೆಲಸವನ್ನು: ಬೆದೆಗೆ ಬಂದ ಹಸುವಿಗೆ ವೀರ್ಯ ಹಾಕುವುದು. ಇದನ್ನು ತೋರಿಸಿ ಜ್ವರಕ್ಕೆ ಆಂಟಿಬಯೋಟಿಕ್ ಕೊಡುತ್ತೇನೆ ಎಂದರೆ ಅದಕ್ಕೆ ಆಧಾರವಿಲ್ಲ.

ಮೂರನೆಯದು ಭಾರತೀಯ ಕೃಷಿ ಕೌಶಲ್ಯ ಮಂಡಳಿಯ ಸರ್ಟಿಫಿಕೇಟುಗಳು. ಪ್ರಾಣಿ ಆರೋಗ್ಯ ಕಾರ್ಯಕರ್ತ, ಪಶುವೈದ್ಯ ಕ್ಲಿನಿಕ್ ಸಹಾಯಕ ಎಂಬ ಹೆಸರುಗಳಲ್ಲಿ ಇವು ಇರುತ್ತವೆ. ಒಂದು ಕೆಲಸವನ್ನು ಮಾಡಿ ತೋರಿಸಿದ್ದಾರೆ ಎಂದು ಇವು ಹೇಳುತ್ತವೆಯೇ ಹೊರತು ಸ್ವತಂತ್ರವಾಗಿ ಚಿಕಿತ್ಸೆ ಮಾಡುವ ಹಕ್ಕನ್ನು ಕೊಡುವುದಿಲ್ಲ. ನಗರದ ಕ್ಲಿನಿಕ್‌ಗಳವರು ಇದನ್ನು ಕಲಿಯಲು ಸಿದ್ಧವಿರುವ ಕೈ ಎಂದು ಓದುತ್ತಾರೆ. ಅದು ಸರಿಯಾದ ಓದು. 1984ರ ಕಾಯ್ದೆಯಲ್ಲಿ ಈ ಸಹಾಯಕರಿಗೆ ಅಂತ ಬೇರೆ ವಹಿಯೇ ಇಲ್ಲ. ಆದ್ದರಿಂದ ‘ನಾನು ಪರಿಷತ್ತಿನಲ್ಲಿ ನೋಂದಾಯಿಸಿದ ಪ್ಯಾರಾವೆಟ್’ ಎಂದು ಯಾರಾದರೂ ಹೇಳಿದರೆ ಯಾವ ಪರಿಷತ್ತು, ಯಾವ ಕಾನೂನಿನಡಿ ಎಂದು ಕೇಳಲೇಬೇಕು.

ನಲವತ್ತು ಹಸುಗಳ ಒಂದು ಲೆಕ್ಕ

ಚನ್ನರಾಯಪಟ್ಟಣದ ಕಡೆ ನಲವತ್ತು ಹಸುಗಳ ಡೇರಿ ಇಟ್ಟ ಒಬ್ಬ ರೈತರನ್ನು ಊಹಿಸಿಕೊಳ್ಳೋಣ. ಅವರಿಗೆ ಒಬ್ಬ ‘ಡಾಕ್ಟರ್’ ಬೇಕು ಎನಿಸಿದೆ. ಜಾಹೀರಾತು ಕೊಡುವ ಮೊದಲು ಅವರು ವರ್ಷದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಲಿ.

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ಅಂದರೆ ವರ್ಷಕ್ಕೆ 80 ಸೂಜಿ. ವರ್ಷಕ್ಕೆ 32 ಹಸುಗಳು ಗಬ್ಬವಾಗಬೇಕು ಎಂದಿಟ್ಟುಕೊಳ್ಳೋಣ. ಕೃತಕ ಗರ್ಭಧಾರಣೆ ನೂರಕ್ಕೆ ಮೂವತ್ತೈದರಷ್ಟು ಸಲ ನಿಲ್ಲುತ್ತದೆ ಎಂದು ಹಿಡಿದರೆ, 32 ಹಸುಗಳಿಗಾಗಿ ಸುಮಾರು 90 ಸಲ ವೀರ್ಯ ಹಾಕಬೇಕಾಗುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಕಂದುರೋಗದ ಲಸಿಕೆ ಒಂದೇ ಸಲ. ಅದು ಜೀವಂತ ರೋಗಾಣುವಿನ ಲಸಿಕೆ, ಹಾಕುವವನ ಬೆರಳಿಗೆ ಚುಚ್ಚಿಕೊಂಡರೆ ಅವನಿಗೇ ಕಾಯಿಲೆ ಬರಬಹುದು. ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಇವುಗಳ ಜೊತೆ ದಿನವೂ ಕೆಚ್ಚಲು ನೋಡುವುದು, ಗಾಯಗಳಿಗೆ ಔಷಧಿ, ಕರು ಹಾಕುವಾಗ ಪಕ್ಕದಲ್ಲಿರುವುದು.

ಇಲ್ಲಿಯವರೆಗೆ ಬರೆದದ್ದೆಲ್ಲ ಬಹುಮಟ್ಟಿಗೆ ಕೈಯ ಕೆಲಸ. ಸಹಿಯ ಕೆಲಸವನ್ನು ಇನ್ನೊಂದು ಹಾಳೆಯಲ್ಲಿ ಬರೆಯಲಿ: ವಿಮೆಗೆ ಆರೋಗ್ಯ ಪತ್ರ, ಸತ್ತರೆ ಮರಣೋತ್ತರ ವರದಿ, ಮಾರಿದ ಹಸು ಸಾಗಿಸಲು ಪತ್ರ, ಆಂಟಿಬಯೋಟಿಕ್‌ಗಳಿಗೆ ಔಷಧಿ ಚೀಟಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿ ಪ್ರಾಣಿಗಳಿಗೂ ಅನ್ವಯಿಸುತ್ತದೆ. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಎಂದು ಬರೆದುಕೊಡಬೇಕಾದವರೂ ಚೀಟಿ ಬರೆದವರೇ.

ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಅವರಿಗೆ ಗೊತ್ತಾಗುವುದೇನೆಂದರೆ, ಪೂರ್ತಿ ಸಂಬಳಕ್ಕೆ ಬೇಕಾಗಿರುವುದು ಡಿಪ್ಲೊಮಾ ಆದ ಒಬ್ಬ ವ್ಯಕ್ತಿ, ಗರ್ಭಧಾರಣೆಯ ತರಬೇತಿಯೂ ಆಗಿದ್ದರೆ ಉತ್ತಮ. ಅದರ ಮೇಲೆ ಹದಿನೈದು ದಿನಕ್ಕೊಮ್ಮೆ ಬಂದು ನೋಡುವ, ಫೋನಿಗೆ ಸಿಗುವ, ಖಾಸಗಿಯಾಗಿ ವೃತ್ತಿ ಮಾಡುವ ಒಬ್ಬ ನೋಂದಾಯಿತ ಪಶುವೈದ್ಯರ ಜೊತೆ ಒಪ್ಪಂದ.

ಕೆಲಸ ಕೇಳಿಕೊಂಡು ಮೂವರು ಬರುತ್ತಾರೆ. ಮೊದಲನೆಯವನು, ‘ಅಣ್ಣಾ, ಇಪ್ಪತ್ತು ವರ್ಷದಿಂದ ಇದೇ ಮಾಡ್ತಿದೀನಿ, ಕಾಗದ ಯಾಕೆ?’ ಎನ್ನುತ್ತಾನೆ. ಹಸು ಹಿಡಿಯುವುದರಲ್ಲಿ ಅವನಷ್ಟು ಪಳಗಿದವರು ಸಿಗಲಿಕ್ಕಿಲ್ಲ. ಅವನನ್ನು ಕೊಟ್ಟಿಗೆಯ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಸಿರಿಂಜು ಕೊಡಬಾರದು. ಎರಡನೆಯವನ ಹತ್ತಿರ ‘ಪಶುವೈದ್ಯ ಡಿಪ್ಲೊಮಾ’ ಎಂಬ ಬಣ್ಣದ ಸರ್ಟಿಫಿಕೇಟ್ ಇದೆ, ಅಂಚೆಯಲ್ಲಿ ಪಾಠ ಓದಿ ಪಡೆದದ್ದು. ಯಾವ ಆಸ್ಪತ್ರೆಯಲ್ಲಿ ಪ್ರಾಯೋಗಿಕ ಪಾಠ ಆಯಿತು ಎಂದು ಕೇಳಿದರೆ ಉತ್ತರ ಇಲ್ಲ. ಕೊಟ್ಟ ಸಂಸ್ಥೆ ಸರ್ಕಾರದ ಇಲಾಖೆಯೂ ಅಲ್ಲ, ಪಶುವೈದ್ಯ ಸಂಸ್ಥೆಯೂ ಅಲ್ಲ. 30ನೇ ಕಲಮಿನ ಬಾಗಿಲಲ್ಲೇ ಅದು ನಿಂತುಬಿಡುತ್ತದೆ.

ಮೂರನೆಯವಳು ಪಾಲಿಟೆಕ್ನಿಕ್ಕಿನ ಡಿಪ್ಲೊಮಾದವಳು, ಆಮೇಲೆ ಗರ್ಭಧಾರಣೆಯ ತರಬೇತಿ ಪಡೆದಿದ್ದಾಳೆ. ಅವಳಿಗೂ ಕಾಗದ ನೋಡಿದ ಮಾತ್ರಕ್ಕೆ ಕೆಲಸ ಕೊಡಬೇಕಿಲ್ಲ. ದ್ರವ ಸಾರಜನಕದ ಕ್ಯಾನಿನ ಮುಂದೆ ನಿಲ್ಲಿಸಿ ಒಂದು ಸ್ಟ್ರಾ ತೆಗೆಯಲು ಹೇಳಲಿ. ಮೈನಸ್ 196 ಡಿಗ್ರಿಯಲ್ಲಿರುವ ಆ ಸ್ಟ್ರಾವನ್ನು ಕ್ಯಾನಿನ ಕುತ್ತಿಗೆಯ ಮೇಲೆ ಎತ್ತಿಹಿಡಿದು ಹೆಸರು ಓದುತ್ತ ನಿಲ್ಲುವವಳಾದರೆ ವೀರ್ಯ ಅಲ್ಲೇ ಹಾಳಾಗುತ್ತದೆ. ಥಟ್ಟನೆ ತೆಗೆದು 35ರಿಂದ 37 ಡಿಗ್ರಿಯ ಬೆಚ್ಚಗಿನ ನೀರಿಗೆ ಇಳಿಸಿ, ಅರ್ಧ ನಿಮಿಷ ಎಣಿಸಿ, ಒರೆಸಿ, ಗನ್ನಿಗೆ ಏರಿಸಿದರೆ ಕೈ ಕಲಿತಿದೆ ಎಂದರ್ಥ. ಅವಳ ಹಳೆಯ ದಾಖಲೆ ಪುಸ್ತಕವನ್ನೂ ಕೇಳಲಿ. ಎಷ್ಟು ಹಾಕಿದ್ದಾಳೆ ಎಂಬುದಕ್ಕಿಂತ, ಎರಡು ಮೂರು ತಿಂಗಳ ನಂತರ ಪರೀಕ್ಷೆ ಮಾಡಿ ಎಷ್ಟು ಗಬ್ಬ ಎಂದು ಬರೆದಿದ್ದಾಳೆ ಎಂಬುದು ಮುಖ್ಯ. ನೂರಕ್ಕೆ ಎಂಬತ್ತು ನಿಂತಿವೆ ಎಂದು ಪುಸ್ತಕ ಹೇಳಿದರೆ ಆ ಪುಸ್ತಕವನ್ನು ನಂಬುವುದು ಕಷ್ಟ.

ನಗರದ ಕ್ಲಿನಿಕ್ಕಿನಲ್ಲಿ

ನಾಯಿ ಬೆಕ್ಕುಗಳ ಕ್ಲಿನಿಕ್ಕಿನಲ್ಲಿ ಪಶುವೈದ್ಯರು ಅದೇ ಕಟ್ಟಡದಲ್ಲಿರುತ್ತಾರೆ, ಮೇಲ್ವಿಚಾರಣೆಗೆ ಕೊರತೆಯಿಲ್ಲ. ಅಲ್ಲಿನ ತೊಂದರೆ ಡಾಕ್ಟರು ಇಲ್ಲದ ಹೊತ್ತಿನದು. ಸಂಜೆ ಒಬ್ಬರು ನಾಯಿಮರಿ ತಂದು ಹುಚ್ಚುನಾಯಿ ಕಾಯಿಲೆಯ ಲಸಿಕೆ ಹಾಕಿ ಎನ್ನುತ್ತಾರೆ. ಸಹಾಯಕ ಲಸಿಕೆ ಹಾಕಿ, ಡಾಕ್ಟರು ಮೊದಲೇ ಸಹಿ ಮಾಡಿಟ್ಟ ಪುಸ್ತಕದಿಂದ ಒಂದು ಹಾಳೆ ಹರಿದು ಕೊಡುತ್ತಾನೆ. ನಾಳೆ ಆ ನಾಯಿ ಯಾರನ್ನಾದರೂ ಕಚ್ಚಿದರೆ ಆ ಹಾಳೆ ಸಾಕ್ಷಿಯಾಗುತ್ತದೆ, ಅದರ ಹೊಣೆ ಪೂರ್ತಿ ಡಾಕ್ಟರದು. ನೋಡದ ಪ್ರಾಣಿಗೆ ಸಹಿ ಮಾಡುವುದು ಅವರ ನೋಂದಣಿಗೇ ಕುತ್ತು ತರಬಹುದು. ಮೊದಲೇ ಸಹಿ ಮಾಡಿದ ಖಾಲಿ ಪುಸ್ತಕ ಇರುವ ಕ್ಲಿನಿಕ್ಕಿಗೆ ಸಹಾಯಕನಾಗಿ ಸೇರುವವರೂ ಎಚ್ಚರಿಕೆಯಿಂದಿರಬೇಕು. ಸೇರುವ ಮೊದಲು ಅವರು ಕೇಳಬೇಕಾದ ಇನ್ನೊಂದು ವಿಷಯ, ತಮಗೆ ಆ ಕಾಯಿಲೆಯ ಮುಂಜಾಗ್ರತೆಯ ಲಸಿಕೆಗಳನ್ನು ಕ್ಲಿನಿಕ್ಕಿನವರೇ ಹಾಕಿಸುತ್ತಾರೆಯೇ ಎಂಬುದು.

ಗೋಡೆಯ ಮೇಲಿನ ಹಾಳೆ

ಕಾಗದಗಳನ್ನು ತಾಳೆ ನೋಡುವುದು ಕಷ್ಟವಲ್ಲ. ಪಶುವೈದ್ಯರ ಹೆಸರು, ನೋಂದಣಿ ಸಂಖ್ಯೆ, ಅವಧಿಯನ್ನು ಬರೆದುಕೊಂಡು ಪರಿಷತ್ತಿಗೆ ಪತ್ರ ಬರೆದು ಖಚಿತಪಡಿಸಿಕೊಳ್ಳಬಹುದು. ಪಶುವೈದ್ಯರ ವಹಿ ಯಾರಿಂದಲೂ ಮುಚ್ಚಿಡುವ ವಸ್ತುವಲ್ಲ, ಕಾನೂನಿನ ಕಣ್ಣಲ್ಲಿ ಅದು ಸಾರ್ವಜನಿಕ ದಾಖಲೆ. ಡಿಪ್ಲೊಮಾ ಆದರೆ ಎರಡು ವರ್ಷದ ಅಂಕಪಟ್ಟಿಗಳನ್ನೂ ಕೇಳಿ, ವಿಶ್ವವಿದ್ಯಾಲಯದಲ್ಲಿ ವಿಚಾರಿಸಬೇಕು. ಕೌಶಲ್ಯ ಸರ್ಟಿಫಿಕೇಟಿನ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅಲ್ಲೇ ಮೊಬೈಲು ಹಿಡಿದು ನೋಡಬೇಕು.

ಆ ಚನ್ನರಾಯಪಟ್ಟಣದ ರೈತರ ಡೇರಿಗೆ ಹಿಂದಿರುಗೋಣ. ಮೂರನೆಯವಳನ್ನು ಕೆಲಸಕ್ಕೆ ತೆಗೆದುಕೊಂಡಾಯಿತು, ಪಶುವೈದ್ಯರೊಂದಿಗೆ ಒಪ್ಪಂದವೂ ಆಯಿತು. ಮೊದಲ ದಿನವೇ ಪಶುವೈದ್ಯರು ಒಂದು ಹಾಳೆ ಬರೆದು ಸಹಿ ಮಾಡಿ ಔಷಧಿ ಬೀರುವಿನ ಪಕ್ಕ ಅಂಟಿಸಲಿ. ಅದರಲ್ಲಿ ಅವಳು ತಾನೇ ಮಾಡಬಹುದಾದ ಕೆಲಸಗಳು ಮೇಲೆ. ಫೋನು ಮಾಡಿ ಕೇಳಿದ ಮೇಲೆ ಮಾತ್ರ ಮಾಡಬೇಕಾದವು ಕೆಳಗೆ: ಮೈಬಿಸಿ 103 ಫ್ಯಾರನ್‌ಹೀಟ್ ದಾಟಿದರೆ, ಕರು ಹಾಕಿ 12 ಗಂಟೆಯಾದರೂ ಕಸ ಬೀಳದಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ, ಹಸು ಬಿದ್ದು ಏಳದಿದ್ದರೆ. ಕೊನೆಯ ಸಾಲಿನಲ್ಲಿ ಪಶುವೈದ್ಯರ ಹೆಸರು, ಕೆವಿಸಿ ನಂಬರು, ಫೋನ್ ನಂಬರು.

ರಾತ್ರಿ ಎರಡು ಗಂಟೆಗೆ ಕರು ಹಾಕಿದ ಹಸು ಬಿದ್ದುಕೊಂಡಾಗ ಅವಳು ಕ್ಯಾಲ್ಸಿಯಂ ಬಾಟಲಿಯನ್ನು ಕೈಗೆತ್ತಿಕೊಳ್ಳುವ ಮೊದಲು ಕೆಚ್ಚಲನ್ನು ಮುಟ್ಟಿ ನೋಡುತ್ತಾಳೆ, ನಾಲ್ಕೂ ಮೊಲೆಯಿಂದ ಹಾಲು ಕರೆದು ಟಾರ್ಚಿನ ಬೆಳಕಿಗೆ ಹಿಡಿಯುತ್ತಾಳೆ, ಆಮೇಲೆ ಆ ಕೊನೆಯ ಸಾಲಿನ ನಂಬರಿಗೆ ಫೋನು ಮಾಡುತ್ತಾಳೆ. ಕಾಯ್ದೆಯಲ್ಲಿ ‘ಮೇಲ್ವಿಚಾರಣೆ ಮತ್ತು ನಿರ್ದೇಶನ’ ಎಂದು ಬರೆದಿರುವುದು ಕೊಟ್ಟಿಗೆಯಲ್ಲಿ ಹೀಗೆ ಕಾಣುತ್ತದೆ.